ಬೋರ್ಡಿನಲ್ಲಿ ಕಂಡ 80, ಕೈಗೆ ಬಂದ 48

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಓಟದ ಸ್ಪರ್ಧೆ ಯಾರಿಗೂ ಹೊಸದಲ್ಲ. ಜಾತ್ರೆ ಬಂತೆಂದರೆ ಎತ್ತಿನ ಗಾಡಿ ಶರ್ಯತ್ತು, ಕುದುರೆ ಗಾಡಿ ಶರ್ಯತ್ತು ಇದ್ದೇ ಇರುತ್ತವೆ. ಮೊದಲ ಬಹುಮಾನಕ್ಕೆ ಎಷ್ಟು, ಎರಡನೆಯದಕ್ಕೆ ಎಷ್ಟು ಎನ್ನುವುದು ಕರಪತ್ರದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಗೆದ್ದವನು ವೇದಿಕೆ ಹತ್ತಿದಾಗ ಮೊತ್ತದ ಬಗ್ಗೆ ತಕರಾರು ಬರುವ ಸಂದರ್ಭವೇ ಇಲ್ಲ.

ನಿಪ್ಪಾಣಿಯನ್ನು ಹಾದುಹೋಗುವ ಹೆದ್ದಾರಿಯ ಎರಡು ತುದಿಗಳಲ್ಲಿ ಮಾತ್ರ ಲೆಕ್ಕ ಬೇರೆ. ಉತ್ತರದ ತುದಿಯ ಪುಣೆಯಲ್ಲಿ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ಬು ಮಳೆಗಾಲದ ಕುದುರೆ ರೇಸುಗಳನ್ನು ನಡೆಸುತ್ತದೆ. ದಕ್ಷಿಣದ ತುದಿಯಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿದೆ, ಅದರಾಚೆ ಚಾಮುಂಡಿ ಬೆಟ್ಟದ ಬುಡದಲ್ಲಿ 1891ರಲ್ಲಿ ಶುರುವಾದ ಮೈಸೂರು ರೇಸ್ ಕ್ಲಬ್ಬಿದೆ. ಈ ಮೈದಾನಗಳಿಗೆ ಒಮ್ಮೆಯಾದರೂ ಹೋಗಿ ಬಂದವರ ಬಾಯಲ್ಲಿ ಒಂದು ದೂರು ಕೇಳಿಬರುತ್ತದೆ. ಟಿಕೆಟ್ ಕೊಂಡಾಗ ಬೋರ್ಡಿನಲ್ಲಿ ಆ ಕುದುರೆಯ ಮುಂದೆ 80 ಎಂದಿತ್ತು. ಹತ್ತು ರೂಪಾಯಿಯ ಟಿಕೆಟಿಗೆ 80 ರೂಪಾಯಿ ಎಂದು ಅರ್ಥ. ಕುದುರೆ ಗೆದ್ದಿತು. ಕಿಟಕಿಗೆ ಹೋದರೆ ಕೈಗೆ ಬಂದದ್ದು 48. ನಡುವಿನ 32 ರೂಪಾಯಿ ಎಲ್ಲಿ ಹೋಯಿತು? ಕ್ಲಬ್ಬು ನುಂಗಿತೇ? ಯಂತ್ರವನ್ನು ಯಾರಾದರೂ ತಿರುಚಿದರೇ?

ಬಹುತೇಕ ಸಂದರ್ಭಗಳಲ್ಲಿ ಎರಡೂ ಅಲ್ಲ. ಆ 32 ರೂಪಾಯಿಯನ್ನು ಪಡೆದವರು ಅದೇ ಕುದುರೆಯ ಮೇಲೆ ಹಣ ಹಾಕಿದ ಬೇರೆ ಜನ, ಅದೂ ಟಿಕೆಟ್ ಮಾರಾಟದ ಕೊನೆಯ ಕೆಲವು ನಿಮಿಷಗಳಲ್ಲಿ ಬಂದವರು.

ಮಾತು ಕೊಡುವ ಬುಕ್ಕಿ, ಮಾತು ಕೊಡದ ಯಂತ್ರ

ಬೆಂಗಳೂರಿನ ಮೈದಾನದಲ್ಲಿ ಹಣ ಕಟ್ಟಲು ಎರಡು ದಾರಿ ಬೆಳೆದುಬಂದಿವೆ. ಒಂದು, ಪರವಾನಗಿ ಪಡೆದ ಬುಕ್‌ಮೇಕರ್, ಜನರ ಬಾಯಲ್ಲಿ ಬುಕ್ಕಿ. ಇನ್ನೊಂದು, ಕ್ಲಬ್ಬೇ ನಡೆಸುವ ಟೋಟಲೈಜೇಟರ್, ಎಲ್ಲರ ಬಾಯಲ್ಲಿ ಟೋಟ್.

ಬುಕ್ಕಿ ಒಂದಕ್ಕೆ ಏಳು ಎಂದು ಬರೆದುಕೊಟ್ಟರೆ ಅದು ಅವನು ಕೊಟ್ಟ ಮಾತು. ಐದು ನಿಮಿಷದ ನಂತರ ಅದೇ ಕುದುರೆಯ ದರವನ್ನು ಅವನು ಒಂದಕ್ಕೆ ಎರಡಕ್ಕೆ ಇಳಿಸಿದರೂ ಮೊದಲು ಬಂದವನಿಗೆ ಏಳರ ಲೆಕ್ಕದಲ್ಲೇ ಕೊಡಬೇಕು. ಲೆಕ್ಕ ತಪ್ಪಿದರೆ ನಷ್ಟ ಅವನ ಜೇಬಿನದು. ಟೋಟ್ ಹಾಗೆ ಯಾರಿಗೂ ಮಾತು ಕೊಡುವುದಿಲ್ಲ. ಅದು ಎಲ್ಲರ ಹಣವನ್ನು ಒಂದು ಗಂಟಾಗಿ ಕಟ್ಟಿಡುತ್ತದೆ. ರೇಸಿನವರು ಇದಕ್ಕೆ ಪೂಲ್ ಎನ್ನುತ್ತಾರೆ. ರೇಸು ಮುಗಿದ ಮೇಲೆ ತನ್ನ ಪಾಲನ್ನೂ ಸರ್ಕಾರದ ಪಾಲನ್ನೂ ತೆಗೆದಿಟ್ಟು, ಉಳಿದದ್ದನ್ನು ಗೆದ್ದ ಕುದುರೆಯ ಟಿಕೆಟ್ ಇದ್ದವರಿಗೆ ಹಂಚುತ್ತದೆ. ಒಂದು ಟಿಕೆಟಿಗೆ ಬರುವ ಪಾಲೇ ಡಿವಿಡೆಂಡ್. ಯಾವ ಕುದುರೆ ಗೆದ್ದರೂ ಕ್ಲಬ್ಬಿಗೆ ಸಿಗುವುದು ಅಷ್ಟೇ, ಆದ್ದರಿಂದ ಇಂಥದ್ದೇ ಗೆಲ್ಲಲಿ ಎಂದು ಬಯಸಲು ಅದಕ್ಕೆ ಕಾರಣವೇ ಇಲ್ಲ.

ಈ ಪದ್ಧತಿಯನ್ನು 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಜಾರಿಗೆ ತಂದವನು ಜೋಸೆಫ್ ಒಲೆರ್. ಪ್ಯಾರಿಮ್ಯೂಚುವಲ್ ಎಂಬ ಅದರ ಹೆಸರು ಅಲ್ಲಿಂದಲೇ ಬಂದದ್ದು. ಆದರೆ ಹತ್ತಾರು ಕಿಟಕಿಗಳಲ್ಲಿ ಏಕಕಾಲಕ್ಕೆ ಮಾರಾಟವಾಗುವ ಟಿಕೆಟುಗಳನ್ನು ಕೂಡಿಸಿ, ಯಾವ ಕುದುರೆಯ ಮೇಲೆ ಎಷ್ಟು ಎಂದು ಜನರಿಗೆ ಆಗಿಂದಾಗ ತೋರಿಸುವುದು ಗುಮಾಸ್ತರ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಆಸ್ಟ್ರೇಲಿಯಾದ ಎಂಜಿನಿಯರ್ ಜಾರ್ಜ್ ಜೂಲಿಯಸ್ ಚುನಾವಣೆಯ ಮತ ಎಣಿಸಲೆಂದು ಒಂದು ಯಂತ್ರವನ್ನು ಯೋಚಿಸಿದ್ದರು. ಅಲ್ಲಿನ ಸರ್ಕಾರ ಅದನ್ನು ಬೇಡವೆಂದಿತು. ಮತದ ಬದಲು ಟಿಕೆಟ್ ಎಣಿಸುವಂತೆ ಅವರು ಅದನ್ನು ಮಾರ್ಪಡಿಸಿದರು. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಬಳಿಯ ಎಲರ್ಸ್ಲಿ ರೇಸ್ ಮೈದಾನದಲ್ಲಿ ಗಾಲಿ, ತಂತಿ, ತೂಕದ ಬಟ್ಟುಗಳಿಂದ ನಡೆಯುವ ಆ ದೈತ್ಯ ಯಂತ್ರ ಕೆಲಸ ಶುರುಮಾಡಿತು. ಇಂದು ಕಂಪ್ಯೂಟರ್ ಮಾಡುವುದೂ ಅದೇ ಕೂಡಿಸುವ, ಭಾಗಿಸುವ ಕೆಲಸವನ್ನೇ.

ಗಂಟನ್ನು ಬಿಚ್ಚಿ ನೋಡಿದರೆ

ಲೆಕ್ಕ ತಿಳಿಯಲು ಐದು ಕುದುರೆಗಳ ಒಂದು ಕಾಲ್ಪನಿಕ ರೇಸನ್ನು ತೆಗೆದುಕೊಳ್ಳೋಣ. ಗೆಲ್ಲುವ ಕುದುರೆಯನ್ನು ಹೇಳುವ ಗಂಟು ಮಾತ್ರ ಇಲ್ಲಿ ಮುಖ್ಯ. ಎರಡನೆಯದು, ಮೂರನೆಯದು, ಜೋಡಿ ಕುದುರೆ, ಜಾಕ್‌ಪಾಟ್ ಇವಕ್ಕೆಲ್ಲ ಬೇರೆ ಬೇರೆ ಗಂಟುಗಳಿರುತ್ತವೆ, ಒಂದರ ಹಣ ಇನ್ನೊಂದಕ್ಕೆ ಸೇರುವುದಿಲ್ಲ.

ರೇಸಿಗೆ ಇನ್ನೂ ಐದು ನಿಮಿಷವಿದೆ. ಒಟ್ಟು 2,00,000 ರೂಪಾಯಿ ಬಂದಿದೆ. ಒಂದನೇ ಕುದುರೆಯ ಮೇಲೆ 80,000, ಎರಡರ ಮೇಲೆ 50,000, ಮೂರರ ಮೇಲೆ 20,000, ನಾಲ್ಕರ ಮೇಲೆ 10,000, ಐದರ ಮೇಲೆ 40,000. ಕ್ಲಬ್ಬು ಮತ್ತು ತೆರಿಗೆ ಸೇರಿ ನೂರಕ್ಕೆ 20 ಕಡಿತ ಎಂದಿಟ್ಟುಕೊಳ್ಳೋಣ. ಹಂಚಲು ಉಳಿಯುವುದು 1,60,000.

ಮೂರನೇ ಕುದುರೆಯ ಮೇಲಿನ 20,000 ಎಂದರೆ ಹತ್ತು ರೂಪಾಯಿಯ 2,000 ಟಿಕೆಟ್. 1,60,000ವನ್ನು 2,000ದಿಂದ ಭಾಗಿಸಿದರೆ 80. ಬೋರ್ಡಿನಲ್ಲಿ ಕಾಣುವುದು ಇದೇ ಸಂಖ್ಯೆ. ಹೀಗೆಯೇ ಒಂದನೇ ಕುದುರೆಗೆ 20, ಎರಡಕ್ಕೆ 32, ನಾಲ್ಕಕ್ಕೆ 160, ಐದಕ್ಕೆ 40 ಬರುತ್ತದೆ. ಗೆದ್ದವನು ಹಾಕಿದ ಹತ್ತು ರೂಪಾಯಿಯೂ ಈ ಮೊತ್ತದೊಳಗೇ ಸೇರಿದೆ. ಭಾಗಾಕಾರದಲ್ಲಿ ಪೈಸೆ ಉಳಿದರೆ ಸಾಮಾನ್ಯವಾಗಿ ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸುತ್ತಾರೆ, ಪಂಟರನ ಕೈಗೆ ಬರುವ ಹಣ ಅಷ್ಟು ಕಡಿಮೆಯಾಗುತ್ತದೆ.

ಬೋರ್ಡು ತನಗೆ ಗೊತ್ತಿಲ್ಲದಂತೆಯೇ ಒಂದು ಗುಟ್ಟನ್ನು ಹೇಳುತ್ತದೆ. ಪ್ರತಿ ಕುದುರೆಯ ಡಿವಿಡೆಂಡಿನಿಂದ ಹತ್ತನ್ನು ಭಾಗಿಸಿ ಎಲ್ಲವನ್ನೂ ಕೂಡಿಸಿ ನೋಡಬಹುದು. ಇಲ್ಲಿ ಅರ್ಧ, 0.3125, 0.125, 0.0625 ಮತ್ತು ಕಾಲು ಕೂಡಿದರೆ 1.25. ಒಂದನ್ನು ಈ 1.25ರಿಂದ ಭಾಗಿಸಿದರೆ 0.80. ಅಂದರೆ ನೂರಕ್ಕೆ 80 ಮಾತ್ರ ಜನರಿಗೆ ಮರಳುತ್ತಿದೆ, 20 ಕಡಿತವಾಗುತ್ತಿದೆ. ಕಡಿತ ಎಷ್ಟೆಂದು ಯಾರನ್ನೂ ಕೇಳಬೇಕಿಲ್ಲ. ಎಲ್ಲ ಕುದುರೆಗಳ ಸಂಖ್ಯೆಗಳು ಕಣ್ಣ ಮುಂದಿದ್ದರೆ ಒಂದು ಪೆನ್ಸಿಲ್ ಸಾಕು. ಪೈಸೆ ಇಳಿಸಿದ್ದರಿಂದ ಬರುವ ಚೂರು ವ್ಯತ್ಯಾಸ ಬಿಟ್ಟರೆ ಉತ್ತರ ಸರಿಯಾಗಿಯೇ ಬರುತ್ತದೆ.

ಕೊನೆಗಳಿಗೆಯ ಹಣ

ಈಗ ಆ ಐದು ನಿಮಿಷ ಕಳೆಯಲಿ. ಗಂಟಿಗೆ ಇನ್ನೂ 1,00,000 ರೂಪಾಯಿ ಬಂತು. ಅದರಲ್ಲಿ ಒಂದನೇ ಕುದುರೆಗೆ 40,000, ಎರಡಕ್ಕೆ 25,000, ನಾಲ್ಕಕ್ಕೆ 5,000. ಮೂರನೆಯದಕ್ಕೆ 30,000 ಸುರಿಯಿತು, ಐದನೆಯದಕ್ಕೆ ಬಿಡಿಗಾಸೂ ಬರಲಿಲ್ಲ.

ಒಟ್ಟು ಗಂಟು ಈಗ 3,00,000. ಕಡಿತ ಕಳೆದು ಹಂಚಲು 2,40,000. ಮೂರನೇ ಕುದುರೆಯ ಟಿಕೆಟುಗಳು 2,000ದಿಂದ 5,000ಕ್ಕೆ ಏರಿವೆ. ಹಂಚಿದರೆ ತಲಾ 48. ಮೊದಲೇ ಬಂದು 80 ಕಂಡು ಟಿಕೆಟ್ ಕೊಂಡವನಿಗೂ, ಕೊನೆಯ ಕ್ಷಣದಲ್ಲಿ ಓಡಿ ಬಂದವನಿಗೂ ಸಿಗುವುದು ಅದೇ 48. ಟಿಕೆಟಿನ ಮೇಲೆ ಹೊತ್ತು ಬರೆದಿದ್ದರೂ ಹಂಚಿಕೆಗೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಊರಲ್ಲಿ ಹತ್ತು ಮನೆಯವರು ಕೂಡಿ ಒಂದು ಕುರಿ ಕೊಯ್ದು ಪಾಲು ಹಾಕುವುದುಂಟು. ಕೊಯ್ದವನ ಪಾಲು ಮೊದಲೇ ಹೋಗುತ್ತದೆ, ಉಳಿದ ಮಾಂಸ ಹತ್ತು ಗುಡ್ಡೆಯಾಗುತ್ತದೆ. ಗುಡ್ಡೆ ಹಾಕುವ ಹೊತ್ತಿಗೆ ಇನ್ನೆರಡು ಮನೆಯವರು ಬಂದು ತಮಗೂ ಪಾಲು ಬೇಕೆಂದರೆ ಎಲ್ಲರ ಗುಡ್ಡೆಯೂ ಸಣ್ಣದಾಗುತ್ತದೆ, ನಸುಕಿನಲ್ಲೇ ಬಂದು ನಿಂತವರದ್ದೂ ಸೇರಿ. ಟೋಟಿನಲ್ಲಿ ಒಂದು ವ್ಯತ್ಯಾಸವಿದೆ. ತಡವಾಗಿ ಬಂದವರು ಬರಿಗೈಯಲ್ಲಿ ಬರುವುದಿಲ್ಲ, ತಮ್ಮ ಹಣವನ್ನೂ ಗಂಟಿಗೆ ಸೇರಿಸುತ್ತಾರೆ. ಅದಕ್ಕೇ ತಡವಾಗಿ ಬಂದ ಹಣವೆಲ್ಲ ಡಿವಿಡೆಂಡನ್ನು ಇಳಿಸುತ್ತದೆ ಎನ್ನುವಂತಿಲ್ಲ.

ಮೇಲಿನ ಲೆಕ್ಕದಲ್ಲೇ ಉಳಿದ ಕುದುರೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದನೆಯದರ ಮೇಲೆ ಈಗ 1,20,000 ಇದೆ, ಡಿವಿಡೆಂಡ್ 20, ಮೊದಲಿನಷ್ಟೇ. ಎರಡನೆಯದರದ್ದು 32, ನಾಲ್ಕನೆಯದರದ್ದು 160, ಅವೂ ಕದಲಿಲ್ಲ. ಈ ಮೂರೂ ಕುದುರೆಗಳಿಗೆ ಕೊನೆಯಲ್ಲಿ ಸಾವಿರಾರು ರೂಪಾಯಿ ಬಂದಿತ್ತು. ಆದರೆ ಗಂಟು ಬೆಳೆದ ಪ್ರಮಾಣದಲ್ಲೇ ಅವುಗಳ ಮೇಲಿನ ಹಣವೂ ಬೆಳೆಯಿತು. ಐದನೆಯದಕ್ಕೆ ಹೊಸ ಹಣ ಬರಲಿಲ್ಲ, ಅದರ ಡಿವಿಡೆಂಡ್ ಮಾತ್ರ 40ರಿಂದ 60ಕ್ಕೆ ಏರಿತು.

ಟೋಟಿನ ಒಳಗುಟ್ಟು ಇಷ್ಟೇ. ಡಿವಿಡೆಂಡನ್ನು ನಿರ್ಧರಿಸುವುದು ಒಂದು ಕುದುರೆಯ ಮೇಲೆ ಎಷ್ಟು ಹಣವಿದೆ ಎನ್ನುವುದಲ್ಲ, ಗಂಟಿನಲ್ಲಿ ಎಷ್ಟನೇ ಭಾಗ ಅದರ ಮೇಲಿದೆ ಎನ್ನುವುದು. ಮೂರನೇ ಕುದುರೆ ಐದು ನಿಮಿಷದಲ್ಲಿ ಹತ್ತನೇ ಒಂದು ಭಾಗದಿಂದ ಆರನೇ ಒಂದು ಭಾಗಕ್ಕೆ ಏರಿತು, ಐದನೆಯದು ಐದನೇ ಒಂದು ಭಾಗದಿಂದ ಏಳೂವರೆಯಲ್ಲಿ ಒಂದಕ್ಕೆ ಇಳಿಯಿತು. ಕಡಿತ ಆಗಲೂ 20, ಈಗಲೂ 20. ಹೊಸ ಡಿವಿಡೆಂಡುಗಳಿಂದ ಹತ್ತನ್ನು ಭಾಗಿಸಿ ಕೂಡಿಸಿದರೆ ಮತ್ತೆ 1.25 ಬರುತ್ತದೆ. ಸಂಖ್ಯೆ ಕುಸಿದಾಗ ಕ್ಲಬ್ಬು ಹೆಚ್ಚು ತೆಗೆದುಕೊಂಡಿತೇ ಎಂಬ ಅನುಮಾನ ಬಂದರೆ ಪರೀಕ್ಷಿಸಲು ಇದೇ ದಾರಿ.

ಹಣ ಕೊನೆಗೇ ಏಕೆ ಬರುತ್ತದೆ

ಬೆಳಿಗ್ಗೆಯಿಂದ ರೇಸಿನ ಪುಸ್ತಕ ಹಿಡಿದು ಕೂತವರು ಬೇಗನೆ ಟಿಕೆಟ್ ಕೊಂಡು ನೆಮ್ಮದಿಯಾಗಿರಬಹುದಲ್ಲ? ಹಾಗೆ ಮಾಡುವವರೂ ಇದ್ದಾರೆ, ಆದರೆ ದೊಡ್ಡ ಮೊತ್ತದವರು ಕಾಯುತ್ತಾರೆ.

ಕುದುರೆಗಳನ್ನು ಪ್ಯಾಡಕ್ಕಿನಲ್ಲಿ ನಡೆಸುವಾಗ ಯಾವುದು ಬೆವೆತಿದೆ, ಯಾವುದು ಹುಮ್ಮಸ್ಸಿನಲ್ಲಿದೆ ಎಂದು ಕಾಣುತ್ತದೆ. ಅದು ಕಾಣುವ ಹೊತ್ತಿಗೆ ರೇಸಿಗೆ ಉಳಿಯುವುದು ಕೆಲವೇ ನಿಮಿಷ. ಅದಕ್ಕಿಂತ ಬಲವಾದ ಕಾರಣ ಟೋಟಿನ ಸ್ವಭಾವದಲ್ಲೇ ಇದೆ. ಕೊನೆಯ ಡಿವಿಡೆಂಡ್ ಎಷ್ಟೆಂದು ಮಾರಾಟ ನಿಲ್ಲುವವರೆಗೆ ಗೊತ್ತಾಗುವುದಿಲ್ಲ, ಆದ್ದರಿಂದ ಎಷ್ಟು ತಡವಾಗಿ ನೋಡಿದರೆ ಅಂದಾಜು ಅಷ್ಟು ನಿಖರ. ಬೇಗ ಹಾಕಿದರೆ ಇನ್ನೊಂದು ತೊಂದರೆಯಿದೆ. ಬೋರ್ಡಿನಲ್ಲಿ 80 ಇದ್ದದ್ದು ಸರ್ರನೆ 60ಕ್ಕೆ ಇಳಿದರೆ, ಈ ಕುದುರೆಯ ಬಗ್ಗೆ ಯಾರಿಗೋ ಏನೋ ಗೊತ್ತಿದೆ ಎಂದು ಮೈದಾನವೆಲ್ಲ ಓದಿಕೊಳ್ಳುತ್ತದೆ, ಹಿಂದೆಯೇ ಹತ್ತು ಜನ ಹಣ ಹಾಕುತ್ತಾರೆ. ಬುಕ್ಕಿಯ ಬಳಿ ದರ ಹಿಡಿದಿಟ್ಟುಕೊಳ್ಳಬಹುದು, ಟೋಟಿನಲ್ಲಿ ತನ್ನ ಅಭಿಪ್ರಾಯವನ್ನು ಬಚ್ಚಿಟ್ಟುಕೊಳ್ಳುವುದೊಂದೇ ದಾರಿ.

ಬುಕ್ಕಿ ಮತ್ತು ಟೋಟ್ ಒಂದೇ ಮೈದಾನದಲ್ಲಿ ಇರುವ ಕಡೆ ಇವೆರಡರ ನಡುವೆಯೂ ಹಣ ಹರಿಯುತ್ತದೆ. ಬುಕ್ಕಿಗಳು ಒಂದು ಕುದುರೆಯ ದರವನ್ನು ಒಮ್ಮೆಲೇ ಕಡಿಮೆ ಮಾಡಿದರೆ, ಟೋಟಿನ ಬೋರ್ಡಿನಲ್ಲಿ ಇನ್ನೂ ಹಳೆಯ ದೊಡ್ಡ ಸಂಖ್ಯೆಯೇ ಇರುತ್ತದೆ. ಅದನ್ನು ಕಂಡವರು ಕಿಟಕಿಗೆ ಧಾವಿಸುತ್ತಾರೆ. ಹೀಗೆ ಬುಕ್ಕಿಗಳ ಬಳಿ ಎದ್ದ ಅಲೆ ನಿಮಿಷದೊಳಗೆ ಟೋಟಿಗೆ ತಲುಪಿ ಅದರ ಸಂಖ್ಯೆಯನ್ನೂ ಕೆಳಗೆಳೆಯುತ್ತದೆ.

ಸಂಶಯಕ್ಕೆ ಎಡೆಮಾಡುವ ಇನ್ನೊಂದು ಸಂಗತಿಯಿದೆ. ಗೇಟು ತೆರೆದು ಕುದುರೆಗಳು ಓಡುತ್ತಿರುವಾಗಲೂ ಬೋರ್ಡಿನ ಸಂಖ್ಯೆ ಬದಲಾಗಬಹುದು. ಓಟ ಶುರುವಾಗುತ್ತಿದ್ದಂತೆ ಟಿಕೆಟ್ ಯಂತ್ರಗಳಿಗೆ ಬೀಗ ಬೀಳಬೇಕು. ಆದರೆ ಭಾರತದಲ್ಲಿ ಒಂದು ಊರಿನ ರೇಸಿಗೆ ಮತ್ತೊಂದು ಊರಿನ ಕ್ಲಬ್ಬಿನಲ್ಲೂ ಹಣ ಕಟ್ಟಬಹುದು. ದೂರದ ಕೇಂದ್ರಗಳ ಹಣವೂ ಇದೇ ಗಂಟಿಗೆ ಸೇರುವಲ್ಲಿ, ಬೀಗ ಬೀಳುವ ಮುನ್ನ ಮಾರಿದ ಟಿಕೆಟುಗಳ ಲೆಕ್ಕ ಬಂದು ಸೇರಿ ಬೋರ್ಡಿನಲ್ಲಿ ಮೂಡಲು ಹೊತ್ತು ಹಿಡಿಯುತ್ತದೆ. ಮುಂದೆ ಓಡುತ್ತಿರುವ ಕುದುರೆಯ ಡಿವಿಡೆಂಡ್ ಆಗಲೇ ಇಳಿದರೆ ನೋಡುವವರಿಗೆ ಮೋಸವೆಂದೇ ಕಾಣುತ್ತದೆ. ಹಣ ಬಂದದ್ದು ಮೊದಲೇ, ಕಂಡದ್ದು ಆಮೇಲೆ.

ಒಮ್ಮೆ ನಿಜವಾಗಿಯೂ ಮೋಸವಾದಾಗ

ಆ ವಿಳಂಬವನ್ನೇ ಬಳಸಿಕೊಂಡು ಕಳ್ಳತನ ನಡೆದದ್ದೂ ಇದೆ. 2002ರ ಅಕ್ಟೋಬರ್ 26ರಂದು ಅಮೆರಿಕದ ಶಿಕಾಗೋ ಬಳಿಯ ಆರ್ಲಿಂಗ್ಟನ್ ಪಾರ್ಕಿನಲ್ಲಿ ಬ್ರೀಡರ್ಸ್ ಕಪ್ ರೇಸುಗಳು ನಡೆದವು. ಸತತ ಆರು ರೇಸುಗಳ ಗೆಲುವಿನ ಕುದುರೆಗಳನ್ನು ಹೇಳಬೇಕಾದ ಒಂದು ಗಂಟಿತ್ತು. ದೂರದ ಕೇಂದ್ರಗಳಲ್ಲಿ ಮಾರಿದ ಈ ಟಿಕೆಟುಗಳ ಪೂರ್ತಿ ವಿವರ ಮುಖ್ಯ ಕಂಪ್ಯೂಟರಿಗೆ ಹೋಗುತ್ತಿದ್ದದ್ದು ನಾಲ್ಕು ರೇಸು ಮುಗಿದ ಮೇಲೆ. ಗಣಕ ವ್ಯವಸ್ಥೆ ನಡೆಸುತ್ತಿದ್ದ ಆಟೋಟೋಟ್ ಸಂಸ್ಥೆಯೊಳಗಿನ ಒಬ್ಬ ಪ್ರೋಗ್ರಾಮರ್ ಆ ನಡುವಿನ ಹೊತ್ತಿನಲ್ಲಿ ಗೆಳೆಯನ ಟಿಕೆಟನ್ನು ತಿದ್ದಿ, ಆಗಲೇ ಗೆದ್ದಿದ್ದ ನಾಲ್ಕು ಕುದುರೆಗಳ ಸಂಖ್ಯೆಗಳನ್ನು ತುಂಬಿದ.

ಕೊನೆಯ ರೇಸಿನಲ್ಲಿ ಯಾರೂ ನೆಚ್ಚದ ವೋಲ್ಪೋನಿ ಎಂಬ ಕುದುರೆ ಗೆದ್ದಿದ್ದೇ ಕಳ್ಳರಿಗೆ ಮುಳುವಾಯಿತು. ನೆಚ್ಚಿನ ಕುದುರೆ ಗೆದ್ದಿದ್ದರೆ ನೂರಾರು ಜನರ ನಡುವೆ ಆ ಟಿಕೆಟುಗಳು ಮರೆಯಾಗುತ್ತಿದ್ದವು. ಈಗ ದೇಶವಿಡೀ ಹುಡುಕಿದರೂ ಗೆದ್ದ ಟಿಕೆಟುಗಳು ಆರೇ ಆರು, ಆರೂ ಒಬ್ಬನದ್ದೇ. ಮೊದಲ ನಾಲ್ಕು ರೇಸುಗಳಿಗೆ ತಲಾ ಒಂದೇ ಕುದುರೆ, ಕೊನೆಯ ಎರಡಕ್ಕೆ ಕಣದಲ್ಲಿದ್ದ ಎಲ್ಲ ಕುದುರೆಗಳು. ತಿಳಿದವರು ಯಾರೂ ಹಾಗೆ ಹಣ ಕಟ್ಟುವುದಿಲ್ಲ. 30 ಲಕ್ಷ ಡಾಲರಿಗೂ ಮೀರಿದ ಆ ಹಣವನ್ನು ತಡೆಹಿಡಿದರು, ತನಿಖೆಯಾಯಿತು, ಮೂವರು ಜೈಲಿಗೆ ಹೋದರು. ಡಿವಿಡೆಂಡ್ ಬರಿದೇ ಇಳಿಯುವುದು ಮೋಸದ ಗುರುತಲ್ಲ. ಟಿಕೆಟ್ ಯಾವ ಆಕಾರದಲ್ಲಿದೆ, ಅದರ ವಿವರ ಯಾವಾಗ ದಾಖಲಾಯಿತು ಎಂಬಲ್ಲಿ ಗುರುತು ಸಿಗುತ್ತದೆ.

ತನ್ನ ಹಣವೇ ತನಗೆ ಅಡ್ಡಿ

ನಾಲ್ಕನೇ ಕುದುರೆಯ ಮುಂದೆ 160 ಎಂದು ಕಂಡವನೊಬ್ಬ 2,00,000ದ ಆ ಮೊದಲ ಗಂಟಿಗೆ ಒಬ್ಬನೇ 40,000 ಹಾಕುತ್ತಾನೆ ಎಂದುಕೊಳ್ಳೋಣ. ಅವನ ಬಳಿ 4,000 ಟಿಕೆಟ್. ಪ್ರತಿಯೊಂದಕ್ಕೆ 160ರಂತೆ 6,40,000 ಬರುತ್ತದೆಂದು ಮನಸ್ಸಿನಲ್ಲೇ ಗುಣಿಸುತ್ತಾನೆ. ಆದರೆ ಗಂಟಿನಲ್ಲಿ ಅಷ್ಟು ಹಣವೇ ಇಲ್ಲ. ಅವನದ್ದೂ ಸೇರಿ ಒಟ್ಟು 2,40,000, ಕಡಿತ ಕಳೆದರೆ 1,92,000. ಆ ಕುದುರೆಯ ಟಿಕೆಟುಗಳು ಈಗ 5,000. ಹಂಚಿದರೆ 38 ರೂಪಾಯಿ 40 ಪೈಸೆ, ಪೈಸೆ ಬಿಟ್ಟು 38. ಬೇರೆ ಯಾರೂ ಬಾರದಿದ್ದರೂ 160ನ್ನು 38ಕ್ಕೆ ಇಳಿಸಿದವನು ಅವನೇ. ಅವನಿಗಿಂತ ಮೊದಲು ಸಣ್ಣ ಟಿಕೆಟ್ ಕೊಂಡು 160ರ ಆಸೆಯಲ್ಲಿದ್ದವರೂ ಅದೇ 38ಕ್ಕೆ ಇಳಿದರು.

ಅದೇ 40,000 ಹತ್ತು ಪಟ್ಟು ದೊಡ್ಡ, ಅಂದರೆ 20,00,000ದ ಗಂಟಿಗೆ ಬಿದ್ದಿದ್ದರೆ ಡಿವಿಡೆಂಡ್ 160ರಿಂದ 116ಕ್ಕೆ ಬಂದು ನಿಲ್ಲುತ್ತಿತ್ತು. ಗಂಟು ದೊಡ್ಡದಾದಷ್ಟೂ ಬೋರ್ಡಿನ ಸಂಖ್ಯೆಯನ್ನು ನಂಬಬಹುದು, ಸಣ್ಣದಾದಷ್ಟೂ ಒಬ್ಬನ ಕೈ ಅದನ್ನು ಅಲ್ಲಾಡಿಸುತ್ತದೆ.

ಕಡಿತದ ಮೇಲಿನ ಜಗಳ

ಗಂಟಿನ ಗಾತ್ರವನ್ನು ನಿರ್ಧರಿಸುವುದರಲ್ಲಿ ಕಡಿತದ ಪಾತ್ರ ದೊಡ್ಡದು, ಕರ್ನಾಟಕದಲ್ಲಿ ಅದು ನ್ಯಾಯಾಲಯದವರೆಗೂ ಹೋಗಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ರೇಸಿನ ಪಂಥಕ್ಕೆ ಶೇಕಡಾ 28 ತೆರಿಗೆ ಗೊತ್ತಾಯಿತು. ಮರುವರ್ಷದ ಒಂದು ನಿಯಮ, ಟೋಟಿಗೆ ಬಂದ ಪೂರ್ತಿ ಹಣದ ಮೇಲೆ ಈ ತೆರಿಗೆ ಎಂದಿತು. ಬೆಂಗಳೂರು ಮತ್ತು ಮೈಸೂರಿನ ಕ್ಲಬ್ಬುಗಳು ಹೈಕೋರ್ಟಿಗೆ ಹೋದವು. ಗಂಟಿನ ಹಣ ಕ್ಲಬ್ಬಿನದಲ್ಲ, ಕ್ಲಬ್ಬು ಅದನ್ನು ಕೆಲಕಾಲ ಕಾಯ್ದು ಹಂಚುತ್ತದೆ, ಅದರ ಸಂಪಾದನೆ ಕಮಿಷನ್ ಮಾತ್ರ ಎನ್ನುವುದು ಅವುಗಳ ವಾದ. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಒಪ್ಪಿ ಆ ನಿಯಮವನ್ನು ರದ್ದುಮಾಡಿತು.

ಎರಡರ ನಡುವಿನ ಅಂತರ ಸಣ್ಣದಲ್ಲ. 1,00,000ದ ಗಂಟಿನಲ್ಲಿ ಕ್ಲಬ್ಬಿನ ಕಮಿಷನ್ 10,000 ಎಂದಾದರೆ, ಕಮಿಷನ್ ಮೇಲಿನ ತೆರಿಗೆ 2,800. ಪೂರ್ತಿ ಹಣದ ಮೇಲಾದರೆ 28,000. ಟೋಟಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಬಲ್ಲವರಿಗೆ ಹೈಕೋರ್ಟಿನ ತೀರ್ಪು ಸಹಜವಾಗಿ ಕಾಣುತ್ತದೆ. ಆದರೆ 2023ರ ಅಕ್ಟೋಬರ್‌ನಿಂದ ಕಾನೂನನ್ನೇ ತಿದ್ದಿ ಪೂರ್ತಿ ಮೊತ್ತದ ಮೇಲೆ ಶೇಕಡಾ 28 ಎಂದಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40.

ತೆರಿಗೆಯನ್ನು ಟಿಕೆಟಿನ ಮೇಲೆ ಹೆಚ್ಚುವರಿಯಾಗಿ ಹಾಕಿದರೂ, ಗಂಟಿನಿಂದ ತೆಗೆದರೂ ಹೊರೆ ಬೀಳುವುದು ಪಂಟರನ ಮೇಲೆ. ನಮ್ಮ ಲೆಕ್ಕದಲ್ಲಿ ಕಡಿತ 20ರಿಂದ 40ಕ್ಕೆ ಏರಿದರೆ 80ರ ಡಿವಿಡೆಂಡ್ ತಾನಾಗಿ 60 ಆಗುತ್ತದೆ, ಯಾವ ಕೊನೆಗಳಿಗೆಯ ಹಣವೂ ಬೇಕಿಲ್ಲ. ತೆರಿಗೆ ಕಟ್ಟದ ಕಳ್ಳ ಬುಕ್ಕಿ ಅದೇ ಕುದುರೆಗೆ ಹೆಚ್ಚು ಕೊಡುತ್ತೇನೆನ್ನುತ್ತಾನೆ, ದೊಡ್ಡ ಮೊತ್ತದವರು ಅವನತ್ತ ಸರಿಯುತ್ತಾರೆ. ಇದು ರೇಸ್ ಕ್ಲಬ್ಬುಗಳು ಮತ್ತೆ ಮತ್ತೆ ಹೇಳಿಕೊಂಡು ಬಂದಿರುವ ದೂರು. ಟೋಟಿನ ಗಂಟು ಆಗ 20 ಲಕ್ಷದ ಕಡೆಯಿಂದ 2 ಲಕ್ಷದ ಕಡೆಗೆ ಸೊರಗುತ್ತದೆ. ಮೊದಲು 160ನ್ನು 116ಕ್ಕೆ ಇಳಿಸುತ್ತಿದ್ದ 40,000 ರೂಪಾಯಿ ಅಲ್ಲಿಂದಾಚೆ ಅದನ್ನು 38ಕ್ಕೆ ತಂದು ಕೂರಿಸುತ್ತದೆ.